ಕಾಲೂರಬೇಡಿ

ಹರಿಣಾಕ್ಷಿ ಟೀಚರಿಗೆ ಸಿಟ್ಟು ಬರಲು ಕಾರಣವೇ ಬೇಡ ಎಂದು ಊರಿನವರು ಹೇಳುತ್ತಿದ್ದರು. ಶುದ್ಧ ಸುಳ್ಳು. ಕಾರಣ ಯಾವತ್ತೂ ಇತ್ತು. ಅದು ಊರಿನವರ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ತಲ್ಲೂರಿನ ಆಚೆ, ಹೊಳೆಯ ದಂಡೆಯ ಸರಕಾರಿ ಹೈಸ್ಕೂಲಿನಲ್ಲಿ ಆಕೆ ಆಟದ ಟೀಚರು. ಹುಟ್ಟಿದ್ದು ಮೀನುಗಾರರ ಮನೆಯಲ್ಲಿ. ಕಬಡ್ಡಿ ಆಡಿ ಒಂದು ಮೊಣಕಾಲು ಸವೆದಿತ್ತು, ಗಂಟಲು ಮಾತ್ರ ಸವೆದಿರಲಿಲ್ಲ. ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಶಾಲೆಯ ಇಬ್ಬರು ಹುಡುಗರು ಹೊಳೆಯಲ್ಲಿ ಹೋಗಿಬಿಟ್ಟರು. ಮರಳು ತೆಗೆದ ಗುಂಡಿಗೆ ಒಬ್ಬ ಜಾರಿದ. ಅವನನ್ನು ಹಿಡಿಯುತ್ತೇನೆಂದು ಇನ್ನೊಬ್ಬ ಹಾರಿದ. ಹಾರಿದವನಿಗೆ ಈಜು ಬರುತ್ತಿತ್ತು. ಮುಳುಗುವವನು ಅವನ ಕತ್ತು ತಬ್ಬಿಕೊಂಡ, ಇಬ್ಬರೂ ಒಟ್ಟಿಗೇ ಹೋದರು. ಶಾಲೆಯಲ್ಲಿ ಎರಡು ನಿಮಿಷ ಮೌನ ಆಚರಿಸಿ ರಜೆ ಕೊಟ್ಟರು. ವಾರ ಕಳೆದ ಮೇಲೆ ಮೇಲಿನಿಂದ ಆದೇಶ ಬಂತು: ಮಕ್ಕಳನ್ನು ಯಾವ ಕಾರಣಕ್ಕೂ ನೀರಿನ ಹತ್ತಿರ ಬಿಡಕೂಡದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದೆಂದರೆ ಇದೇ. ಅದೂ ಹಾಕಿದ್ದು ಯಾವ ಬಾಗಿಲು? ಸಣ್ಣಕುದ್ರುವಿನ ಮಕ್ಕಳಿಗೆ ಹೊಳೆಯೇ ದಾರಿ. ಸುತ್ತ ನೀರು, ನಡುವೆ ಹತ್ತಿಪ್ಪತ್ತು ಮನೆ, ಒಂದಿಷ್ಟು ತೆಂಗು. ಸೇತುವೆ ಮಾಡಿಕೊಡುತ್ತೇವೆಂದು ಪ್ರತಿ ಚುನಾವಣೆಗೂ ಒಬ್ಬರು ಬಂದು ಕೈಮುಗಿದು ಹೋಗುತ್ತಿದ್ದರು. ಅಲ್ಲಿಂದ ಏಳು ಮಕ್ಕಳು ದಿನವೂ ಕುಷ್ಟಣ್ಣನ ದೋಣಿಯಲ್ಲಿ ಶಾಲೆಗೆ ಬರಬೇಕು, ಅದರಲ್ಲೇ ಹಿಂದೆ ಹೋಗಬೇಕು. ನೀರಿನ ಹತ್ತಿರ ಬಿಡಕೂಡದಂತೆ! ಹಾಗಾದರೆ ಹಾರಿಕೊಂಡು ಬರಬೇಕೇ ಎಂದು ಹರಿಣಾಕ್ಷಿ ಹೆಡ್‌ಮಾಸ್ತರರ ಮೇಜು ಗುದ್ದಿ ಕೇಳಿದಳು. ಅವರು ಕನ್ನಡಕ ಒರೆಸಿಕೊಂಡರು.

ಕುದ್ರುವಿನ ಏಳು ಮಕ್ಕಳಲ್ಲಿ ಒಬ್ಬರಿಗೂ ಈಜು ಬಾರದು. ಇದು ಯಾರೂ ನಂಬದ ಮಾತು. ಕುಷ್ಟಣ್ಣ ಅರವತ್ತು ದಾಟಿದ ದೋಣಿಗಾರ, ಅವನಂತೂ ನಕ್ಕೇಬಿಟ್ಟ.

"ಮೀನಿನ್ ಮರಿಗ್ ಈಜ್ ಕಲ್ಸುದ್ ಉಂಟಾ ಟೀಚರೇ?"

ಉಂಟು. ಗಂಡುಹುಡುಗರು ಹಿಂದೆಲ್ಲ ಒಣ ತೆಂಗಿನಕಾಯಿ ಜೋಡಿ ಕಟ್ಟಿಕೊಂಡು ಹೊಳೆಯಲ್ಲಿ ಬಿದ್ದು ಕಲಿಯುತ್ತಿದ್ದರು. ಈಗ ಮರಳು ತೆಗೆದು ತೆಗೆದು ಎಲ್ಲಿ ನೆಲ, ಎಲ್ಲಿ ಗುಂಡಿ ಎಂದು ಹೊಳೆಗೇ ಗೊತ್ತಿಲ್ಲ, ಯಾವ ತಾಯಿ ಇಳಿಸುತ್ತಾಳೆ? ಇನ್ನು ಹೆಣ್ಣುಮಕ್ಕಳು ಯಾವ ಕಾಲಕ್ಕೂ ಕಲಿತವರಲ್ಲ, ಹರಿಣಾಕ್ಷಿ ಕೂಡ ಕಲಿತದ್ದು ಆಟದ ಟೀಚರ ತರಬೇತಿಗೆ ಹೋದಾಗ. ಮೀನು ಮಾರಿ ಮನೆ ನಡೆಸುವ ಹೆಂಗಸರು ಮೊಣಕಾಲಿನ ಮೇಲೆ ನೀರು ಕಂಡಿರಲಿಲ್ಲ.

ಹೊಳೆಗೆ ಕರೆದುಕೊಂಡು ಹೋಗುವಂತಿಲ್ಲ. ಶಾಲೆಗೆ ಸರಿಯಾದ ಕಕ್ಕಸೇ ಇಲ್ಲ, ಈಜುಕೊಳ ಎಲ್ಲಿಂದ ಬರಬೇಕು? ಉಳಿದದ್ದು ಕುಂದಾಪುರ ಪೇಟೆಯ ಈಜುಕೊಳ. ಊರವರ ದೇಣಿಗೆಯಲ್ಲಿ ಕಟ್ಟಿದ್ದು, ಊರಿಗೆಲ್ಲ ಸೇರಿದ್ದು ಎಂದು ಕಲ್ಲಿನ ಮೇಲೆ ಕೆತ್ತಿಸಿದ್ದರು. ಅದರ ಸಮಿತಿಯ ಕಾರ್ಯದರ್ಶಿ ಸುಧಾಕರ, ಹಾರ್ಡ್‌ವೇರ್ ಅಂಗಡಿಯವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಹರಿಣಾಕ್ಷಿಗೆ ಜಗಳ ಸುಲಭವಾಗುತ್ತಿತ್ತು. ಅವನು ಹೆದರುಪುಕ್ಕಲ.

ಬೇಸಿಗೆ ರಜೆಯಲ್ಲಿ, ಬೆಳಿಗ್ಗೆ ಸದಸ್ಯರು ಬರುವ ಮೊದಲು ಒಂದು ಗಂಟೆ ಕೊಡುತ್ತೇನೆ ಎಂದ. ಆದರೆ ಕಾಸ್ಟ್ಯೂಮ್ ಕಡ್ಡಾಯ ಎಂದ. ಹರಿಣಾಕ್ಷಿಗೆ ಸಿಟ್ಟು ನೆತ್ತಿಗೇರಿತು. ದೋಣಿ ಮಗುಚಿದರೆ ಹೊಳೆ ಸ್ವಲ್ಪ ತಡೆಯುತ್ತದೆಯೇ, ಬಟ್ಟೆ ಬದಲಾಯಿಸಿ ಬನ್ನಿ ಎನ್ನುತ್ತದೆಯೇ? ಮಕ್ಕಳು ನೀರಿಗೆ ಬೀಳುವುದು ಚೂಡಿದಾರದಲ್ಲಿ, ಚಡ್ಡಿ-ಅಂಗಿಯಲ್ಲಿ. ಒದ್ದೆ ಬಟ್ಟೆ ಕೈಕಾಲಿಗೆ ಸುತ್ತಿಕೊಂಡು ಎಳೆಯುವುದು ಹೇಗಿರುತ್ತದೆಂದು ಅವರಿಗೆ ಮೊದಲೇ ಗೊತ್ತಿರಬೇಕು. ಅದು ಗೊತ್ತಿಲ್ಲದವರೇ ಗಾಬರಿ ಬಿದ್ದು ಸಾಯುವುದು.

ಸುಧಾಕರನ ಮಾತಿನಲ್ಲೂ ಹುರುಳಿತ್ತು. ಹತ್ತಿಬಟ್ಟೆಯ ನೂಲು, ಬಣ್ಣ, ಮಣ್ಣು ಎಲ್ಲ ಹೋಗಿ ಫಿಲ್ಟರ್ ಕಟ್ಟುತ್ತದೆ, ಕ್ಲೋರಿನ್ ಕೆಲಸ ಮಾಡುವುದಿಲ್ಲ. ಕೊನೆಗೆ ರಾಜಿಯಾಯಿತು. ಬಣ್ಣ ಬಿಡದ ಪಾಲಿಯೆಸ್ಟರ್ ಯೂನಿಫಾರಂ, ಮನೆಯಲ್ಲಿ ಒಗೆದು ತಂದದ್ದು, ನಲ್ಲಿಯ ಕೆಳಗೆ ಮೈ ತೊಳೆದ ಮೇಲೆ ಹಾಕಿಕೊಳ್ಳುವುದು. ಆದರೆ ಆಳದ ಕಡೆ ಕಾಲಿಡುವಂತಿಲ್ಲ. ಕೊಳಕ್ಕೆ ಅಡ್ಡಲಾಗಿ ಹಗ್ಗ ಕಟ್ಟುತ್ತೇವೆ, ಅದರ ಈಚೆಗೆ ಎದೆಮಟ್ಟದ ನೀರಿನಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ. ನಾಳೆ ಏನಾದರೂ ಆದರೆ ಯಾರು ಹೊಣೆ? ಈ ಪ್ರಶ್ನೆಯನ್ನು ಸುಧಾಕರ ಜಪದ ಹಾಗೆ ಹೇಳುತ್ತಿದ್ದ.

ಕಲಿಕೆ ಶುರುವಾಯಿತು. ಹರಿಣಾಕ್ಷಿ ಮಕ್ಕಳಿಗೆ ಈಜಿನ ಪಂದ್ಯ ಕಲಿಸಲಿಲ್ಲ. ಸಾಯದಿರುವುದನ್ನು ಕಲಿಸಿದಳು. ಮೊದಲು ಮುಖ ನೀರಲ್ಲಿಟ್ಟು ಬಾಯಿಂದ ಗುಳುಗುಳು ಉಸಿರು ಬಿಡುವುದು. ಆಮೇಲೆ ಅಂಗಾತ ತೇಲುವುದು. ಕಿವಿ ನೀರೊಳಗೆ, ಗಲ್ಲ ಮೇಲಕ್ಕೆ, ಹೊಟ್ಟೆ ಮೇಲಕ್ಕೆ, ಎದೆ ತುಂಬ ಉಸಿರು, ಕೈ ಅಗಲ. ಕೂಗಬೇಡಿ, ಕೂಗಿದರೆ ಉಸಿರು ಖಾಲಿ. ಕೈ ಮೇಲೆತ್ತಬೇಡಿ, ಎತ್ತಿದಷ್ಟು ಮೈ ಕೆಳಗೆ. ದೋಣಿ ಮಗುಚಿದರೆ ದೋಣಿ ಬಿಡಬೇಡಿ, ಮರದ ದೋಣಿ ಮುಳುಗುವುದಿಲ್ಲ. ಸೆಳೆತದ ಎದುರು ಗುದ್ದಾಡಬೇಡಿ, ಅದು ಎಲ್ಲಾದರೂ ದಡಕ್ಕೆ ಹಾಕೇ ಹಾಕುತ್ತದೆ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ದಡದಲ್ಲಿ ಮಲಗಿ ಕೋಲು ಚಾಚಿ, ಶಾಲು ಚಾಚಿ, ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ. ಹಾರಬೇಡಿ ಎಂದು ಹೇಳುವಾಗಲೆಲ್ಲ ಇನ್ನಷ್ಟು ಜೋರಾಗಿ ಬೈಯುತ್ತಿದ್ದಳು.

ಏಳರಲ್ಲಿ ಎಲ್ಲರಿಗಿಂತ ಬೇಗ ಕಲಿತವಳು ವಿಜೇತಾ, ಎಂಟನೇ ಕ್ಲಾಸು ಮುಗಿಸಿದ ಹುಡುಗಿ, ಮೀನು ಮಾರುವ ಜಲಜಳ ಒಬ್ಬಳೇ ಮಗಳು. ಒಣ ಎಲೆಯ ಹಾಗೆ ನೀರಿನ ಮೇಲೆ ಬಿದ್ದಿರುತ್ತಿದ್ದಳು. ಸುಧಾಕರನೂ ಬಾಯಿಬಿಟ್ಟು ನೋಡಿ, ಈ ಹುಡುಗಿ ಜಿಲ್ಲಾ ಮಟ್ಟಕ್ಕೆ ಹೋಗುತ್ತಾಳೆ ಎಂದ. ಹರಿಣಾಕ್ಷಿ, ಅವಳು ಜೂನ್ ತಿಂಗಳಲ್ಲಿ ಶಾಲೆಗೆ ಹೋಗಿ ಮನೆಗೆ ಬಂದರೆ ಸಾಕು ಎಂದಳು.

ಮೇ ತಿಂಗಳ ನಡುವೆ ಒಂದು ಬೆಳಿಗ್ಗೆ ಅದು ಆಯಿತು. ಹಿಂದಿನ ಸಂಜೆ ಸದಸ್ಯರ ಮಕ್ಕಳಿಗೆ ಈಜುಸ್ಪರ್ಧೆ ಇತ್ತು. ಅಡ್ಡಹಗ್ಗ ಬಿಚ್ಚಿದವರು ಮತ್ತೆ ಕಟ್ಟಿರಲಿಲ್ಲ. ಹರಿಣಾಕ್ಷಿ ಅದನ್ನು ನೋಡಿದಳು. ದಡದ ಹತ್ತಿರವೇ ಇರಿ ಎಂದು ಹೇಳಿ ಕಲಿಕೆ ಮುಂದುವರಿಸಿದಳು. ಮಕ್ಕಳು ಅಂಗಾತ ತೇಲುತ್ತಿದ್ದರು. ತೇಲುವವರ ಕಣ್ಣು ಆಕಾಶದಲ್ಲಿ, ಕಿವಿ ನೀರಿನಲ್ಲಿ. ವಿಜೇತಾ ಮತ್ತು ರತನ್ ಎಂಬ ಹುಡುಗ ಕೈಯಾಡಿಸುತ್ತಾ ಮೆಲ್ಲಗೆ ಇಳಿಜಾರಿನ ಕಡೆ ಸರಿದದ್ದು ಅವರಿಗೇ ಗೊತ್ತಾಗಲಿಲ್ಲ. ಹರಿಣಾಕ್ಷಿ ನೋಡಿದವಳೇ ಅವರನ್ನು ನಿಲ್ಲಿಸಲು ಶಿಳ್ಳೆ ಊದಿದಳು.

ಶಿಳ್ಳೆ ಊದಿದರೆ ನಿಲ್ಲಬೇಕು. ಮೊದಲ ದಿನದಿಂದ ಹಾಗೇ ಅಭ್ಯಾಸ. ಐದು ಮಕ್ಕಳು ಕಾಲೂರಿ ನಿಂತರು. ವಿಜೇತಾಳೂ ಕಾಲು ಇಳಿಸಿದಳು. ನೆಲ ಸಿಗಲಿಲ್ಲ.

ಒಂದು ತಿಂಗಳ ವಿದ್ಯೆ ಒಂದು ಕ್ಷಣದಲ್ಲಿ ಹೋಯಿತು. ಅಷ್ಟು ಚೆಂದ ತೇಲುವ ಹುಡುಗಿ ಕೈ ಮೇಲೆತ್ತಿ ಬಡಿದಳು, ನೀರು ಕುಡಿದಳು, ಪಕ್ಕದಲ್ಲಿ ಸಿಕ್ಕಿದ ರತನ್‌ನ ಕತ್ತು ತಬ್ಬಿದಳು. ಇಬ್ಬರೂ ಒಳಗೆ. ಹರಿಣಾಕ್ಷಿ ಹಾರಲಿಲ್ಲ. ದಡದಲ್ಲಿ ಬೋರಲು ಬಿದ್ದು ಉದ್ದ ಬಿದಿರು ಚಾಚಿ ರತನ್‌ನ ಎದೆಗೆ ತಾಗಿಸಿದಳು, ಅವನು ಹಿಡಿದ, ಹಿಡಿದವನನ್ನೂ ಅವನಿಗೆ ಅಂಟಿಕೊಂಡವಳನ್ನೂ ಒಟ್ಟಿಗೆ ಎಳೆದಳು. ವಿಜೇತಾ ಮೆಟ್ಟಿಲ ಮೇಲೆ ಕೂತು ಕೆಮ್ಮಿ ಕೆಮ್ಮಿ ನೀರು ಕಕ್ಕಿದಳು. ಉಸಿರು ಸರಿಯಾಗಿದೆ ಎಂದು ಕಂಡರೂ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಂಜೆವರೆಗೆ ಅಲ್ಲೇ ಕೂರಿಸಿದಳು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ತಡವಾಗಿಯೂ ಕಾಣಬಹುದು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವಳಿಗೆ ಕಂಡದ್ದು ಇದು: ತಾನು ಈ ಮಕ್ಕಳಿಗೆ ತೇಲುವುದನ್ನು ಕಲಿಸಿಲ್ಲ. ಕೆಳಗೆ ನೆಲ ಇದೆ ಎಂಬುದನ್ನು ಕಲಿಸಿದ್ದೇನೆ. ದಣಿದರೆ ಕಾಲೂರು, ಹೆದರಿದರೆ ಕಾಲೂರು, ಶಿಳ್ಳೆ ಕೇಳಿದರೆ ಕಾಲೂರು. ಹೊಳೆಯಲ್ಲಿ ಯಾವ ಸುಧಾಕರ ಟೈಲ್ಸ್ ಹಾಕಿಸಿದ್ದಾನೆ? ಅವಳಿಗೆ ಸುಧಾಕರನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚು ತನ್ನ ಕೊರಳಿನ ಶಿಳ್ಳೆಯ ಮೇಲೆ ಬಂತು. ಬಿಚ್ಚಿ ಚೀಲಕ್ಕೆ ಎಸೆದಳು.

ಮರುದಿನ ಸುಧಾಕರ ಗೇಟಿಗೆ ಬೀಗ ಹಾಕಿಕೊಂಡು ನಿಂತಿದ್ದ. ಸಮಿತಿ ತೀರ್ಮಾನ ಮಾಡಿದೆ, ಇನ್ನು ಶಾಲೆಯ ಮಕ್ಕಳಿಗೆ ಪ್ರವೇಶ ಇಲ್ಲ. ನಾನು ಮೊದಲೇ ಹೇಳಿರಲಿಲ್ಲವೇ, ಏನಾದರೂ ಆದರೆ ಯಾರು ಹೊಣೆ?

"ಸುಧಾಕರಣ್ಣ, ನಿನ್ನೆ ಆದ್ದ್ ಇಲ್ಲೇ ಆಯ್ತ್. ಇಲ್ಲ್ ಕೋಲಿತ್ತ್, ನಾನಿದ್ದೆ. ಹೊಳ್ಯಗ್ ಆರೆ ಯಾರಿದ್ರ್? ಅದ್ಕ್ ಯಾರ್ ಹೊಣೆ, ಹೇಳಿ ಕಾಂಬ" ಎಂದಳು ಹರಿಣಾಕ್ಷಿ. ಆಳದ ಕಡೆಯೇ ಬೇಕು, ಇನ್ನು ಹದಿನೈದು ದಿನವಾದರೂ ಆಳದಲ್ಲೇ ಬೇಕು ಎಂದಳು. ಅವನು ಅವಳ ಮುಖ ನೋಡದೆ ಬೀಗ ಎಳೆದು ನೋಡಿದ. ಬೀಗ ಗಟ್ಟಿಯಾಗಿತ್ತು.

ಅದು ಸಾಲದೆಂಬಂತೆ ಅಂದೇ ಸಂಜೆ ಜಲಜ ಅವಳ ಮನೆ ಬಾಗಿಲಿಗೆ ಬಂದಳು. ಖಾಲಿ ಬುಟ್ಟಿ ಅಂಗಳಕ್ಕೆ ಕುಕ್ಕಿದಳು. ಜಲಜಳ ಬಾಯಿ ಪೇಟೆಗೇ ಗೊತ್ತು, ಚೌಕಾಸಿಗೆ ನಿಂತ ಗಂಡಸರು ಮೀನು ಬಿಟ್ಟು ಓಡುತ್ತಿದ್ದರು. ಕೊಲ್ಲಲು ನಿನಗೆ ನನ್ನ ಇದ್ದೊಬ್ಬ ಮಗಳೇ ಸಿಕ್ಕಿದಳೇ ಎಂದು ಶುರುಮಾಡಿ, ನಿನ್ನ ಈಜಿಗೆ ಬೆಂಕಿ ಬೀಳಲಿ ಎನ್ನುವವರೆಗೆ ಬೈದಳು. ಹರಿಣಾಕ್ಷಿ ತಡೆಯಲಿಲ್ಲ. ಬೈಗುಳ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಜಲಜಕ್ಕ, ನೀವ್ ದಿನಾ ಆ ದೋಣ್ಯಗೇ ಬತ್ರಿ. ನಿಮ್ಗ್ ಈಜ್ ಬತ್ತಾ?"

ಜಲಜ ಮೆಟ್ಟಿಲ ಮೇಲೆ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಇಪ್ಪತ್ತು ವರ್ಷದಿಂದ ಆ ದೋಣಿ ಹತ್ತುವಾಗಲೂ ಇಳಿಯುವಾಗಲೂ ದೇವರನ್ನು ನೆನೆಯುತ್ತೇನೆ, ಮಳೆಗಾಲದಲ್ಲಿ ಕಣ್ಣು ಮುಚ್ಚಿಯೇ ಕೂರುತ್ತೇನೆ, ಮೀನುಗಾರ್ತಿಗೆ ನೀರಿನ ಹೆದರಿಕೆ ಎಂದು ಯಾರಿಗೆ ಹೇಳಲಿ ಎಂದಳು. ಹರಿಣಾಕ್ಷಿ ಎಲ್ಲವನ್ನೂ ಬಿಡಿಸಿ ಹೇಳಿದಳು. ನೆಲ ಸಿಗುವ ನೀರಿನಲ್ಲಿ ಕಲಿತದ್ದು ಏಕೆ ಸಾಲದು, ಹುಡುಗಿ ಎಲ್ಲಿ ತಪ್ಪಿದಳು, ತಾನು ಎಲ್ಲಿ ತಪ್ಪಿದೆ, ಶಾಲೆ ತೆರೆಯಲು ಎಷ್ಟು ಕಡಿಮೆ ದಿನ ಉಳಿದಿದೆ, ಗೇಟಿಗೆ ಹೇಗೆ ಬೀಗ ಬಿತ್ತು. ಜಲಜ ಕೊನೆಯದನ್ನು ಎರಡು ಸಲ ಹೇಳಿಸಿಕೊಂಡಳು. ಬೀಗ ಹಾಕಿದವನು ಯಾರು? ಸುಧಾಕರನೇ? ಹಾರ್ಡ್‌ವೇರ್ ಅಂಗಡಿಯ ಸುಧಾಕರನೇ?

"ಅವ್ರ್ ಮನಿಗ್ ನಾನೇ ಅಲ್ದಾ ಮೀನ್ ಕೊಡುದ್" ಎಂದಳು. ಬುಟ್ಟಿ ತಲೆಗಿಟ್ಟು ಹೊರಟಳು.

ಮರುದಿನದಿಂದ ಸುಧಾಕರನ ಮನೆಗೆ ಮೀನಿಲ್ಲ. ಬಂಗುಡೆ ಇಲ್ಲ, ಬೂತಾಯಿಯೂ ಇಲ್ಲ. ಸಮಿತಿಯ ಮಿಕ್ಕವರ ಮನೆಗಳಿಗೂ ಇಲ್ಲ. ಮಾರುಕಟ್ಟೆಗೆ ಹೋದರೆ ಜಲಜಳ ಜೊತೆಯವರೇ ಸಾಲಾಗಿ ಕೂತವರು, ತುಂಬಿದ ಬುಟ್ಟಿಯ ಮೇಲೆ ಗೋಣಿ ಎಳೆದು ಖಾಲಿ ಆಯಿತು ಎನ್ನುತ್ತಿದ್ದರು. ಮೀನಿಲ್ಲದೆ ಒಂದು ತುತ್ತು ಇಳಿಯದ ಊರು ಅದು. ಮೂರು ದಿನ ಸುಧಾಕರ ಬದನೆಕಾಯಿ ತಿಂದ. ನಾಲ್ಕನೆಯ ದಿನ ಅಳಿಯ ಮುಂಬೈಯಿಂದ ಬಂದಿಳಿದ. ಅಂಜಲ್ ಮೀನು ತಿನ್ನಲೆಂದೇ ಬಂದವನ ಮುಂದೆ ತೊಂಡೆಕಾಯಿ ಪಲ್ಯ ಬಡಿಸಬೇಕಾಯಿತು. ಸುಧಾಕರನ ಹೆಂಡತಿ ಅಂದು ಗಂಡನಿಗೆ ಏನು ಹೇಳಿದಳೋ ಯಾರಿಗೂ ಗೊತ್ತಿಲ್ಲ. ಸಂಜೆ ಅವನೇ ಜಲಜಳ ಬುಟ್ಟಿಯ ಎದುರು ಬಂದು ನಿಂತ.

ಜಲಜ ಗೋಣಿ ಸರಿಸಲಿಲ್ಲ. "ಮಕ್ಳ್ ಆಳಕ್ಕ್ ಇಳೀಲಿ, ಮೀನ್ ತಕಂಡ್ ಹೋಯ್ನಿ" ಎಂದಳು.

ಬೀಗ ತೆರೆಯಿತು. ಸುಧಾಕರ ಒಂದು ಒಳ್ಳೆಯ ಕೆಲಸವನ್ನೂ ಮಾಡಿದ. ಕೊಳದ ಜೀವರಕ್ಷಕನನ್ನು ಆ ಒಂದು ಗಂಟೆಯೂ ನಿಲ್ಲಿಸಿದ, ಆಳದ ಅಂಚಿಗೆ ಹಗ್ಗ ಕಟ್ಟಿದ ಟ್ಯೂಬು ಇಡಿಸಿದ. ಹೆದರುಪುಕ್ಕಲರಿಂದಲೂ ಉಪಯೋಗ ಉಂಟು.

ಆಳದಲ್ಲಿ ಪಾಠ ಮೊದಲಿನಿಂದ ಶುರುವಾಯಿತು. ಶಿಳ್ಳೆ ಇಲ್ಲ. ಒಬ್ಬೊಬ್ಬರನ್ನೇ ಇಳಿಸಿದಳು. ಮೊದಲು ಅಂಚು ಹಿಡಿದು ಕಾಲು ಚಾಚಿ, ಕೆಳಗೆ ಏನೂ ಇಲ್ಲ ಎಂಬುದನ್ನು ಕಾಲಿಗೇ ತಿಳಿಸುವುದು. ಅಂಚು ಬಿಟ್ಟು ಸೈಕಲ್ ತುಳಿದಂತೆ ತುಳಿಯುತ್ತಾ ಬಾಯಿ ನೀರಿನ ಮೇಲೆ ಇಟ್ಟುಕೊಳ್ಳುವುದು. ದಣಿಯುವ ಮೊದಲೇ ಅಂಗಾತ ತಿರುಗುವುದು. ಖಾಲಿ ಕ್ಯಾನು ಎದೆಗವಚಿ ಬಿದ್ದಿರುವುದು. ಆಮೇಲೆ ಯೂನಿಫಾರಂ ಹಾಕಿ, ಹೇಳದೆ ಕೇಳದೆ ದಡದಿಂದ ಹಿಂದಕ್ಕೆ ಬೀಳುವುದು. ವಿಜೇತಾ ಮೂರು ದಿನ ಅಂಚು ಬಿಡಲಿಲ್ಲ. ಎಲ್ಲರಿಗಿಂತ ಚೆಂದ ತೇಲುತ್ತಿದ್ದವಳು ಎಲ್ಲರಿಗಿಂತ ಹೆಚ್ಚು ನಡುಗಿದಳು. ಹರಿಣಾಕ್ಷಿ ಬೈದಳು, ರಮಿಸಿದಳು, ಮತ್ತೆ ಬೈದಳು. ಕೊನೆಗೆ ತಾನೇ ನೀರಿಗಿಳಿದು ಹುಡುಗಿಯ ತಲೆಯ ಕೆಳಗೆ ಅಂಗೈ ಇಟ್ಟಳು.

"ಕಾಲ್ ಹಾಕ್ಬೇಡ. ನೆಲ ಇತ್ತ್ ಅಂದ್ಹೇಳಿ ಯಾರ್ ಹೇಳ್ರೂ ನಂಬ್ಬೇಡ. ಒಬ್ರ್ ಬಂದ್ ನಿನ್ ಕೈ ಹಿಡ್ಕಂಬಲ್ಲಿವರಿಗೆ ಕಾಲ್ ಹಾಕುಕಾಗ" ಎಂದಳು. ದಡದಲ್ಲಿ ಸಾಲಾಗಿ ಕೂತ ಆರು ಮಕ್ಕಳಿಗೂ ಅದೇ ಮಾತನ್ನು ಮೂರು ಸಲ ಹೇಳಿಸಿದಳು. ಎಷ್ಟೋ ಹೊತ್ತಿನ ಮೇಲೆ ಅಂಗೈ ತೆಗೆದಳು. ವಿಜೇತಾ ತೇಲಿದಳು. ದಡದಲ್ಲಿ ಜಲಜ ಕಣ್ಣು ಮುಚ್ಚಿ ಕೂತಿದ್ದಳು.

ಜೂನ್ ತಿಂಗಳ ಮೂರನೇ ವಾರ ಹೊಳೆ ಕೆಂಪಾಗಿ ತುಂಬಿತ್ತು. ಶಾಲೆ ತೆರೆದ ದಿನದಿಂದ ಹರಿಣಾಕ್ಷಿ ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ದೋಣಿ ಕಟ್ಟುವ ದಕ್ಕೆಯಲ್ಲಿ ನಿಂತಿರುತ್ತಿದ್ದಳು. ದೋಣಿಯ ಮಕ್ಕಳಿಗೆ ಲೈಫ್ ಜಾಕೆಟ್ ಕೊಡಿ ಎಂದು ಅವಳು ಕಂಡಕಂಡ ಕಚೇರಿಗೆಲ್ಲ ಹೋಗಿ ಬೈದು ಬಂದಿದ್ದಳು, ಎಲ್ಲೂ ಸಿಕ್ಕಿರಲಿಲ್ಲ. ಕುಷ್ಟಣ್ಣನ ದೋಣಿಯಲ್ಲಿ ಇದ್ದದ್ದು ಅವಳೇ ಕಟ್ಟಿಸಿದ ಎರಡು ಖಾಲಿ ಕ್ಯಾನು.

ಅಂದು ದೋಣಿ ನಡುಹೊಳೆ ದಾಟಿತ್ತು. ಗಾಳಿ ಬೀಸಿತು. ರತನ್‌ನ ಕೊಡೆ ತಿರುಗಿ ಕೈಬಿಟ್ಟು ಹಾರಿತು, ಅದನ್ನು ಹಿಡಿಯಲು ಮಕ್ಕಳೆಲ್ಲ ನಗುತ್ತಾ ಒಂದೇ ಕಡೆ ಬಾಗಿದರು. ಏಳು ಮಕ್ಕಳು, ಏಳು ಚೀಲ. ದೋಣಿ ಮಗುಚಿತು.

ದಕ್ಕೆಯಲ್ಲಿದ್ದವರು ಬೊಬ್ಬೆ ಹಾಕಿದರು. ಮೀನಿಗಾಗಿ ಕಾಯುತ್ತಿದ್ದ ಒಬ್ಬ ಯುವಕ ಅಂಗಿ ಕಿತ್ತೆಸೆದು ಹಾರಲು ಹೊರಟ. ಹರಿಣಾಕ್ಷಿ ಅವನ ಸೊಂಟದ ಲುಂಗಿಗೇ ಕೈಹಾಕಿ ಹಿಂದಕ್ಕೆಳೆದಳು. ಹಾರಬೇಡ, ಹಗ್ಗ ತಾ, ಇನ್ನೊಂದು ದೋಣಿ ಬಿಡಿಸು ಎಂದು ಅವನ ಮುಖದ ಮೇಲೆಯೇ ಕಿರುಚಿದಳು. ಅವನು ಓಡಿದ.

ನೀರಿನ ಮೇಲೆ ಮೊದಲು ದೋಣಿಯ ಹೊಟ್ಟೆ ಕಂಡಿತು. ಆಮೇಲೆ ಕುಷ್ಟಣ್ಣನ ತಲೆ. ಆಮೇಲೆ ಒಂದೊಂದೇ ತಲೆ. ಅವಳು ಎಣಿಸಿದಳು, ಮತ್ತೆ ಎಣಿಸಿದಳು. ನಾಲ್ವರು ದೋಣಿ ಹಿಡಿದಿದ್ದರು, ಇಬ್ಬರು ಒಂದು ಕ್ಯಾನು ತಬ್ಬಿದ್ದರು. ಏಳನೆಯದು ವಿಜೇತಾ, ಎಲ್ಲರಿಂದ ದೂರ, ಹಿಡಿಯಲು ಏನೂ ಇಲ್ಲದೆ, ಅಂಗಾತ. ಗಲ್ಲ ಮೇಲೆ, ಕೈ ಅಗಲ. ಯಾರೂ ಕೂಗಲಿಲ್ಲ. ದಡದವರು ಕೂಗುತ್ತಿದ್ದರು, ನೀರಿನಲ್ಲಿದ್ದವರು ಸುಮ್ಮನಿದ್ದರು. ಸೆಳೆತ ಅವರನ್ನೆಲ್ಲ ಹೊಳೆ ಹರಿಯುವ ದಿಕ್ಕಿಗೆ ಒಯ್ಯಿತು, ಬಿಡಿಸಿದ ದೋಣಿ ಹಿಂದೆಯೇ ಉಳಿಯಿತು. ಹರಿಣಾಕ್ಷಿ ಸವೆದ ಮೊಣಕಾಲಿನಲ್ಲಿ ದಂಡೆಯುದ್ದಕ್ಕೂ ಓಡಿದಳು, ಹೊಳೆಯನ್ನು ಬೈದಳು, ಸರಕಾರವನ್ನು ಬೈದಳು, ಸೇತುವೆ ಕಟ್ಟದವರ ವಂಶವನ್ನೇ ಬೈದಳು.

ಹೊಳೆ ತಿರುಗುವಲ್ಲಿ ನೀರಂಚಿನ ಕಾಂಡ್ಲಾ ಗಿಡಗಳ ಎದುರು ಒಂದು ಮರಳದಿಬ್ಬ ಇದೆ. ಸೆಳೆತ ಎಲ್ಲರನ್ನೂ ಅಲ್ಲಿಗೇ ತಂದು ಹಾಕಿತು. ದೋಣಿ ಮರಳಿಗೆ ತಾಗಿ ನಿಂತಿತು. ಕುಷ್ಟಣ್ಣ ಎದ್ದು ನಿಂತ, ನೀರು ಅವನ ಮೊಣಕಾಲಿಗೆ. ಮಕ್ಕಳು ಏಳಲಿಲ್ಲ. ದೋಣಿ ಹಿಡಿದವರು ಹಿಡಿದೇ ಇದ್ದರು, ಕ್ಯಾನು ತಬ್ಬಿದವರು ತಬ್ಬಿಯೇ ಇದ್ದರು. ವಿಜೇತಾಳ ಬೆನ್ನು ಇನ್ನೇನು ಮರಳಿಗೆ ತಾಗುವಂತಿತ್ತು, ಆದರೂ ಅವಳು ಆಕಾಶ ನೋಡುತ್ತಾ ತೇಲುತ್ತಿದ್ದಳು.

ನಿಲ್ಲಿ ಮಕ್ಕಳೇ, ಮೊಣಕಾಲಿನಷ್ಟೇ ನೀರು ಎಂದು ಕುಷ್ಟಣ್ಣ ಅಳುತ್ತಾ ಕೂಗಿದ. ದಂಡೆಯವರೂ ಕೂಗಿದರು. ಮೀನಿನ ಮರಿಗಳು ಯಾರ ಮಾತನ್ನೂ ನಂಬಲಿಲ್ಲ.

ಹರಿಣಾಕ್ಷಿ ಸೀರೆ ಸಮೇತ ನೀರಿಗಿಳಿದಳು. ಒಬ್ಬೊಬ್ಬರ ಹತ್ತಿರ ಹೋಗಿ ಕೈ ಹಿಡಿದಳು. ಹಿಡಿದ ಮೇಲೆಯೇ ಒಬ್ಬೊಬ್ಬರೂ ಕಾಲಿಳಿಸಿದರು. ಕೊನೆಗೆ ವಿಜೇತಾಳ ಹತ್ತಿರ ಬಂದು ಅವಳ ತಣ್ಣಗಿನ ಅಂಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. ಕೊಡೆ ಹಿಡಿಯಲು ಬಾಗಿದ್ದಕ್ಕೆ ಏಳು ಜನಕ್ಕೂ ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದಿದ್ದಳು. ಬೈಯುವ ಬದಲು ಆ ಅಂಗೈಯನ್ನು ಉಜ್ಜಿ ಬೆಚ್ಚಗೆ ಮಾಡತೊಡಗಿದಳು.

"ಟೀಚರ್" ಎಂದಳು ಹುಡುಗಿ, ಕಣ್ಣು ಆಕಾಶದಿಂದ ತೆಗೆಯದೆ, "ಈಗ್ಳ್ ಕಾಲ್ ಹಾಕ್ಲಕ್ಕಾ?"